ಒಂದು ಸಾಲು ಸೇರಿಸಿದಾಗ ಆ್ಯಪ್ ಒಳಗೆ ಏನೇನು ಬರುತ್ತದೆ?

ಉಡುಪಿ ಕಡೆಯ ಒಂದು ಹಾಲಿನ ಸೊಸೈಟಿಯ ಆ್ಯಪ್‌ಗೆ ಕ್ಯೂಆರ್ ಸ್ಕ್ಯಾನ್ ಬೇಕಿತ್ತು. ಬೆಳಿಗ್ಗೆ ಕ್ಯಾನ್ ಹಿಡಿದು ಸಾಲಲ್ಲಿ ನಿಂತವರ ಕಾರ್ಡನ್ನು ಕಾರ್ಯದರ್ಶಿಯವರು ಮೊಬೈಲಲ್ಲಿ ಸ್ಕ್ಯಾನ್ ಮಾಡಬೇಕು, ಅಷ್ಟೇ. ಮಂಗಳೂರಿನ ನಮ್ಮ ಆಫೀಸಿನಲ್ಲಿ ಒಬ್ಬರು ಒಂದು ರೆಡಿಮೇಡ್ ಎಸ್‌ಡಿಕೆ, ಅಂದರೆ ಆ್ಯಪ್ ಒಳಗೆ ಸೇರಿಸಿಕೊಳ್ಳಲು ಬೇರೆಯವರು ಬರೆದಿಟ್ಟ ಕೋಡ್, ಹುಡುಕಿ ತಂದರು. ಆ್ಯಪ್ ಬಿಲ್ಡ್ ಮಾಡುವ ಗ್ರ್ಯಾಡಲ್ ಫೈಲಿಗೆ ಒಂದೇ ಸಾಲು ಸೇರಿಸಿದರೆ ಮುಗಿಯಿತು. ಅದನ್ನು ಸೇರಿಸಬೇಕೋ ಬೇಡವೋ ಎಂದು ನೋಡಲು ಎರಡು ದಿನ ಹಿಡಿಯಿತು. ಇಷ್ಟು ಸಣ್ಣ ವಿಷಯಕ್ಕೆ ಎರಡು ದಿನ ಯಾಕೆ ಎಂದು ಕೇಳುವವರಿಗಾಗಿ ಈ ಹಿನ್ನೆಲೆ.

ಹತ್ತು–ಹನ್ನೆರಡು ವರ್ಷದ ಹಿಂದೆ ಆಂಡ್ರಾಯ್ಡ್‌ನವರ ಮುಖ್ಯ ತಲೆನೋವು ಗಾತ್ರ. ಆ್ಯಪಿನ ಕೋಡ್ ಇರುವ ಒಂದು ಡೆಕ್ಸ್ ಫೈಲಿನಲ್ಲಿ 65,536ಕ್ಕಿಂತ ಜಾಸ್ತಿ ಮೆಥಡ್‌ಗಳ ಉಲ್ಲೇಖ ಹಿಡಿಸುವುದಿಲ್ಲ. ಎರಡು ದೊಡ್ಡ ಎಸ್‌ಡಿಕೆ ಸೇರಿಸಿದರೆ ಅರ್ಧ ಜಾಗ ಹೋಗುತ್ತಿತ್ತು. 2014ರ ಕೊನೆಗೆ ಗೂಗಲ್ ಪ್ಲೇ ಸರ್ವಿಸಸ್ ಬೇರೆ ಬೇರೆ ತುಂಡುಗಳಾಗಿ ಸಿಗತೊಡಗಿತು, ಕೋಡನ್ನು ಹಲವು ಡೆಕ್ಸ್ ಫೈಲಿಗೆ ಹಂಚುವ ಮಲ್ಟಿಡೆಕ್ಸ್ ಬಂತು, ಆ ಚಿಂತೆ ಕಮ್ಮಿಯಾಯಿತು. ಜೊತೆಗೆ ಎಣಿಸಿ ನೋಡುವ ಅಭ್ಯಾಸವೂ ಹೋಯಿತು. ಅದು ಹೋಗಬಾರದಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಿಜವಾದ ತಿರುವು 2020. ಆ ವರ್ಷದ ಮೇ ಮತ್ತು ಜುಲೈನಲ್ಲಿ ಹೆಸರಾಂತ ಎಷ್ಟೋ ಐಫೋನ್ ಆ್ಯಪ್‌ಗಳು ತೆರೆದ ಕೂಡಲೇ ಮುಚ್ಚಿಹೋದವು. ಅವುಗಳ ಕೋಡ್ ಯಾರೂ ಮುಟ್ಟಿರಲಿಲ್ಲ. ಒಳಗಿದ್ದ ಲಾಗಿನ್ ಎಸ್‌ಡಿಕೆ ಆ್ಯಪ್ ಶುರುವಾಗುವಾಗಲೇ ತನ್ನ ಸರ್ವರ್‌ನಿಂದ ಸೆಟ್ಟಿಂಗ್ ತರಿಸಿಕೊಳ್ಳುತ್ತಿತ್ತು, ಆ ಸರ್ವರ್ ಕಡೆ ಏನೋ ಬದಲಾಗಿತ್ತು. ಆ ಲಾಗಿನ್ ಬಳಸದವರ ಫೋನಿನಲ್ಲೂ ಆ್ಯಪ್ ಬಿತ್ತು. ಅದೇ ಡಿಸೆಂಬರ್‌ನಲ್ಲಿ, ಜನರ ಲೊಕೇಶನ್ ಒಟ್ಟುಮಾಡಿ ಮಾರುತ್ತಿದ್ದ ಒಂದು ಎಸ್‌ಡಿಕೆಯನ್ನು ತೆಗೆಯಿರಿ ಎಂದು ಆ್ಯಪಲ್ ಮತ್ತು ಗೂಗಲ್ ಎರಡೂ ಡೆವಲಪರ್‌ಗಳಿಗೆ ಹೇಳಿದವು. 2022ರಲ್ಲಿ ಪ್ಲೇ ಸ್ಟೋರಿನ ಡೇಟಾ ಸೇಫ್ಟಿ ಫಾರಂ ಕಡ್ಡಾಯವಾಯಿತು. ಎಸ್‌ಡಿಕೆ ಕಳಿಸುವ ಮಾಹಿತಿಯನ್ನೂ ಅದರಲ್ಲಿ ಆ್ಯಪ್ ಮಾಡಿದವರೇ ಬರೆಯಬೇಕು. ಅಂದರೆ ಬೇರೆಯವರ ಕೋಡಿಗೂ ಉತ್ತರ ಕೊಡಬೇಕಾದವರು ನಾವೇ.

ಹಾಗಾಗಿ ನಾವು ಮೊದಲು ತೆರೆದದ್ದು ಈ ಫೈಲ್:

```
app/build/outputs/logs/manifest-merger-release-report.txt
```

ಯಾವ ಪರ್ಮಿಷನ್ ಬೇಕು ಎಂಬಂಥದ್ದನ್ನು ಬರೆದಿಡುವ ಫೈಲ್ ಮ್ಯಾನಿಫೆಸ್ಟ್. ಬಿಲ್ಡ್ ಆದಾಗ ಪ್ರತಿ ಲೈಬ್ರರಿಯ ಮ್ಯಾನಿಫೆಸ್ಟ್ ನಮ್ಮದರ ಜೊತೆ ಬೆರೆಯುತ್ತದೆ. ಯಾವ ಸಾಲು ಯಾವ ಲೈಬ್ರರಿಯಿಂದ ಬಂತು ಎಂದು ಇಲ್ಲಿ ದಾಖಲಾಗಿರುತ್ತದೆ. ಆ ರೆಡಿಮೇಡ್ ಸ್ಕ್ಯಾನರ್ ಕ್ಯಾಮೆರಾ ಜೊತೆಗೆ ಎರಡು ಪರ್ಮಿಷನ್ ತಂದಿತ್ತು: `ACCESS_FINE_LOCATION` ಮತ್ತು ಜಾಹೀರಾತಿಗೆ ಬಳಸುವ `AD_ID`. ಹಾಲಿನ ಕಾರ್ಡ್ ಓದಲು ಲೊಕೇಶನ್ ಯಾಕೆ? ನಮ್ಮ ಮ್ಯಾನಿಫೆಸ್ಟ್‌ನಲ್ಲಿ `tools:node="remove"` ಹಾಕಿ ಅವನ್ನು ತೆಗೆಯಬಹುದು. ಆದರೆ ಪರ್ಮಿಷನ್ ಇದ್ದೇ ಇದೆ ಎಂದು ನಂಬಿ ಬರೆದ ಎಸ್‌ಡಿಕೆ ಓಡುವಾಗ ಬೀಳಬಹುದು. ಉಳಿದ ಮಾಹಿತಿ ಹೊರಗೆ ಹೋಗುವುದು ಅದರಿಂದ ನಿಲ್ಲುವುದೂ ಇಲ್ಲ. ಆ ಎಸ್‌ಡಿಕೆಯನ್ನೇ ಕೈಬಿಟ್ಟೆವು.

ಉಳಿದದ್ದು ಮೂರು ದಾರಿ. ಗೂಗಲ್ ಕೋಡ್ ಸ್ಕ್ಯಾನರ್‌ಗೆ ಆ್ಯಪ್ ಕ್ಯಾಮೆರಾ ಪರ್ಮಿಷನ್ ಸಹ ಕೇಳಬೇಕಿಲ್ಲ, ಸ್ಕ್ಯಾನ್ ಮಾಡುವುದು ಪ್ಲೇ ಸರ್ವಿಸಸ್. ಪ್ರೈವಸಿ ದೃಷ್ಟಿಯಿಂದ ಇದು ತುಂಬ ಚೆನ್ನಾಗಿದೆ. ಆದರೆ ಒಂದು ಕೋಡ್ ಓದಿದ ಕೂಡಲೇ ಅದರ ಪರದೆ ಮುಚ್ಚುತ್ತದೆ. ಸಾಲಲ್ಲಿರುವ ಪ್ರತಿಯೊಬ್ಬರಿಗೂ ಮತ್ತೆ ತೆರೆಯಬೇಕು. ಒಂದು ಕೈಯಲ್ಲಿ ಹಾಲು ಅಳೆಯುವವರಿಗೆ ಇದು ಆಗದ ಮಾತು.

ಎರಡನೆಯದು ಗೂಗಲ್‌ನದೇ ಎಂಎಲ್ ಕಿಟ್. ಕೋಡ್ ಗುರುತಿಸುವ ಮಾಡೆಲ್ ಆ್ಯಪ್ ಒಳಗೇ ಇದ್ದರೆ ಸುಮಾರು 2.4 ಎಂಬಿ ಜಾಸ್ತಿಯಾಗುತ್ತದೆ. ಪ್ಲೇ ಸರ್ವಿಸಸ್‌ನಿಂದ ತರಿಸಿಕೊಂಡರೆ ಸುಮಾರು 200 ಕೆಬಿ. ಚಿತ್ರ ಫೋನಿನಿಂದ ಹೊರಗೆ ಹೋಗುವುದಿಲ್ಲ, ನಿಜ. ಆದರೆ ಫೋನ್ ಮಾದರಿ, ಎಷ್ಟು ಬೇಗ ಓದಿತು ಎಂಬಂಥ ವಿವರ ಹೋಗುತ್ತದೆ. ಅದನ್ನು ಡೇಟಾ ಸೇಫ್ಟಿ ಫಾರಂನಲ್ಲಿ ಬರೆಯಬೇಕು.

ಮೂರನೆಯದು ಝಡ್‌ಎಕ್ಸಿಂಗ್ ಎಂಬ ಓಪನ್ ಸೋರ್ಸ್ ಲೈಬ್ರರಿ. ಏನನ್ನೂ ಎಲ್ಲಿಗೂ ಕಳಿಸುವುದಿಲ್ಲ. ಲೈಸೆನ್ಸ್ ಅಪಾಚೆ 2.0: ಲೈಸೆನ್ಸ್ ಪಠ್ಯವನ್ನು ಆ್ಯಪ್ ಜೊತೆ ಕೊಡಬೇಕು, ನಮ್ಮ ಕೋಡ್ ಬಿಚ್ಚಿಡಬೇಕಿಲ್ಲ. ಹೆದರಿಕೆಯ ವಿಷಯ ನಿರ್ವಹಣೆ. ಅದು ಈಗ ಬರೀ ಮೇಂಟೆನೆನ್ಸ್ ಹಂತದಲ್ಲಿದೆ ಎಂದು ಅದರ ಪುಟದಲ್ಲೇ ಬರೆದಿದ್ದಾರೆ, ಹೊಸ ಕೆಲಸ ನಡೆಯುವುದಿಲ್ಲ. ಇಲ್ಲಿ ಸ್ವಲ್ಪ ವಾದ ಆಯಿತು. ನಿಂತ ಪ್ರಾಜೆಕ್ಟ್ ಬೇಡ ಎನ್ನುವುದು ಸಾಮಾನ್ಯ ನಿಯಮ. ಆದರೆ ಕ್ಯೂಆರ್‌ನ ರೂಪ ಬದಲಾಗುವಂಥದ್ದಲ್ಲ. ಅದರ ಕೋರ್ ಪೂರ್ತಿ ಜಾವಾ, ಒಳಗೆ ನೇಟಿವ್ ಕೋಡಿನ `.so` ಫೈಲ್ ಇಲ್ಲ. ಹಾಗಾಗಿ ಅಂಥ ಫೈಲ್‌ಗಳಿಗೆ ಆಂಡ್ರಾಯ್ಡ್ ತಂದ 16 ಕೆಬಿ ಮೆಮೊರಿ ಪೇಜ್ ಗಾತ್ರದ ಹೊಸ ನಿಯಮ ಅದಕ್ಕೆ ತಾಗುವುದಿಲ್ಲ. ಕೆಟ್ಟರೆ ನಾವೇ ತಿದ್ದಿಕೊಳ್ಳಬಹುದು. ಅದನ್ನೇ ಆರಿಸಿಕೊಂಡೆವು. ಕ್ಯಾಮೆರಾದ ಭಾಗವನ್ನು ಆಂಡ್ರಾಯ್ಡ್‌ನ ಕ್ಯಾಮೆರಾಎಕ್ಸ್ ಲೈಬ್ರರಿ ಬಳಸಿ ನಾವೇ ಬರೆದೆವು.

ಅದಕ್ಕೂ ಒಂದು ಕೊರತೆ ಇತ್ತು. ಒದ್ದೆಯಾದ, ಸವೆದ ಕಾರ್ಡನ್ನು ಎಂಎಲ್ ಕಿಟ್ ತಟ್ಟನೆ ಓದುತ್ತಿತ್ತು, ಝಡ್‌ಎಕ್ಸಿಂಗ್‌ಗೆ ಎರಡು ಸಲ ಹಿಡಿಯಬೇಕಾಯಿತು. ಕಾರ್ಯದರ್ಶಿಯವರನ್ನೇ ಕೇಳಿದೆವು. "ಕಾರ್ಡ್ ಹೇಗೂ ಹೊಸತು ಮಾಡಿಸ್ಲಿಕ್ಕುಂಟು ಮಾರಾಯ್ರೆ, ಕೋಡ್ ದೊಡ್ಡದು ಮಾಡಿ ಕೊಡಿ" ಎಂದರು. ಕೋಡನ್ನು ದೊಡ್ಡದಾಗಿ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡಿಸಿದ ಮೇಲೆ ಒಂದೇ ಸಲಕ್ಕೆ ಓದುತ್ತಿದೆ.