‘ಎಲ್ಲಾ ಸುಳ್ಳು ಸ್ವಾಮಿ’ ಅನ್ನುವ ಮೊದಲು

ಕೋರ್ಟಿನ ಎದುರು ಹೋಟೆಲಿನಲ್ಲಿ ಕೂತು ಪುಕ್ಕಟೆ ಸಲಹೆ ಕೊಡುವವರ ಮೇಲೆ ನನಗೆ ಸಿಟ್ಟಿದೆ. ಅವರು ನನ್ನ ಕಕ್ಷಿದಾರರಿಗೆ ಹೇಳಿಕೊಡುವುದು ಒಂದೇ ಪಾಠ: ‘ಜಡ್ಜ್ ಏನು ಕೇಳಿದರೂ ಸುಳ್ಳು ಅಂದುಬಿಡು.’

ದೋಷಾರೋಪಣೆಯ ದಿನ ಈ ಪಾಠದಿಂದ ತೊಂದರೆ ಇಲ್ಲ. ಅವತ್ತು ಜಡ್ಜ್ ಆರೋಪ ಓದಿ ಹೇಳಿ, ತಪ್ಪು ಒಪ್ಪುತ್ತೀರಾ, ವಿಚಾರಣೆ ಬೇಕಾ ಎಂದಷ್ಟೇ ಕೇಳುತ್ತಾರೆ. ಆಮೇಲೆ ಸರ್ಕಾರದ ಕಡೆಯ ಸಾಕ್ಷಿಗಳು ಬರುತ್ತಾರೆ, ನಾವು ಪಾಟೀಸವಾಲು ಮಾಡುತ್ತೇವೆ. ಎಡವಟ್ಟಾಗುವುದು ಅದರ ನಂತರ, ಆರೋಪಿಯ ಹೇಳಿಕೆ ಪಡೆಯುವ ದಿನ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 313ನೇ ಕಲಂ. 2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ 351. ನಾವು ಇನ್ನೂ ‘ತ್ರೀ ಥರ್ಟೀನ್’ ಅಂತಲೇ ಅನ್ನುತ್ತೇವೆ.

ತೀರ್ಥಹಳ್ಳಿ ಕಡೆಯ ಒಂದು ಕೇಸು ಹೇಳುತ್ತೇನೆ. ಗುರುತು ಸಿಗದ ಹಾಗೆ ಸ್ವಲ್ಪ ವಿವರ ಬದಲಿಸಿದ್ದೇನೆ. ಆರೋಪಿ ಅಡಿಕೆ ಚೇಣಿ ಮಾಡುವವನು, ಅಂದರೆ ಬೇರೆಯವರ ತೋಟದ ಫಸಲನ್ನು ಗುತ್ತಿಗೆ ಹಿಡಿಯುವವನು. ಒಬ್ಬರ ಮನೆಯಿಂದ ರಾತ್ರಿ ನಾಲ್ಕು ಚೀಲ ಒಣ ಅಡಿಕೆ ಕಳುವಾಯಿತು. ವಾರದೊಳಗೆ ಇವನ ಕೊಟ್ಟಿಗೆಯಲ್ಲಿ ನಾಲ್ಕು ಚೀಲ ಸಿಕ್ಕಿತು, ಮಹಜರಾಯಿತು. ಅಡಿಕೆಗೆ ಯಾರದ್ದು ಅಂತ ಹೆಸರು ಬರೆದಿರುವುದಿಲ್ಲ ಅಲ್ವಾ? ಫಿರ್ಯಾದಿ ಗುರುತು ಹಿಡಿದಿದ್ದು ಚೀಲಗಳನ್ನು. ಮೂಲೆಯಲ್ಲಿ ಕೆಂಪು ಬಣ್ಣದ ಗುರುತು ಇತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಕಳವಾದ ಮಾಲು ಸ್ವಲ್ಪ ದಿನದಲ್ಲೇ ಒಬ್ಬನ ಹತ್ತಿರ ಸಿಕ್ಕಿ, ಅದು ಹೇಗೆ ಬಂತು ಅಂತ ಅವನು ಹೇಳದಿದ್ದರೆ, ಅವನೇ ಕದ್ದಿದ್ದಾನೆ ಅಥವಾ ಗೊತ್ತಿದ್ದೇ ಇಟ್ಟುಕೊಂಡಿದ್ದಾನೆ ಎಂದು ಕೋರ್ಟು ಭಾವಿಸಬಹುದು. ಭಾವಿಸಲೇಬೇಕು ಅಂತಿಲ್ಲ. ‘ಸ್ವಲ್ಪ ದಿನ’ ಅಂದರೆ ಎಷ್ಟು ಅನ್ನುವುದೂ ಮಾಲಿನ ಮೇಲೆ ಹೋಗುತ್ತದೆ. ಅಡಿಕೆಯಂಥದ್ದು ಬೇಗ ಕೈ ಬದಲಾಗುತ್ತದೆ.

ನಮ್ಮವನ ಬಳಿ ಉತ್ತರ ಇತ್ತು. ಹಿಂದಿನ ವರ್ಷ ಅದೇ ಫಿರ್ಯಾದಿಯ ತೋಟವನ್ನೇ ಚೇಣಿ ಹಿಡಿದಿದ್ದ. ಆಗ ಅವರ ಖಾಲಿ ಚೀಲಗಳು ಇವನ ಕೊಟ್ಟಿಗೆಯಲ್ಲಿ ಉಳಿದಿದ್ದವು. ಒಳಗಿನ ಅಡಿಕೆ ಬೇರೆ ತೋಟದ್ದು. ಪಾಟೀಸವಾಲಿನಲ್ಲಿ ಫಿರ್ಯಾದಿಗೆ ನಾನು ಇದನ್ನೇ ಹಾಕಿದ್ದೆ. ಅವರು ಚೇಣಿ ಕೊಟ್ಟಿದ್ದು ಒಪ್ಪಿದರು, ಚೀಲದ ವಿಷಯ ಇಲ್ಲ ಅಂದರು.

ಹೇಳಿಕೆಯ ಹಿಂದಿನ ಸಂಜೆ ಅವನನ್ನು ಕರೆಸಿ, ನಾಳೆ ಏನು ಹೇಳುತ್ತೀಯ ಅಂದೆ.

‘ಎಲ್ಲಾ ಸುಳ್ಳು ಅಂತೀನಿ ಸಾರ್. ಭಾವ ಹೇಳಿದಾನೆ.’

‘ಚೀಲ ನಿನ್ನ ಕೊಟ್ಟಿಗೆಯಲ್ಲಿ ಸಿಕ್ಕಿದ್ದು ಸುಳ್ಳಾ ಮಾರಾಯ?’

‘ಅದು ಸತ್ಯ.’

‘ಮತ್ತೆ?’

ಮಾತಿಲ್ಲ. ಚೀಲ ಸಿಕ್ಕೇ ಇಲ್ಲ ಎಂದು ಇವನು ಅಂದರೆ, ಸಿಕ್ಕ ಚೀಲಕ್ಕೆ ನಾನು ಕೊಟ್ಟ ಕಾರಣ ಗಾಳಿಗೆ ಹೋಯಿತು. ಸರ್ಕಾರಿ ವಕೀಲರು ವಾದದಲ್ಲಿ ಅದನ್ನೇ ಎತ್ತಿ ತೋರಿಸುತ್ತಾರೆ.

ಅವತ್ತು ಪ್ರಮಾಣ ಮಾಡಿಸುವುದಿಲ್ಲ. ಉತ್ತರ ಕೊಡದಿದ್ದರೆ, ಸುಳ್ಳು ಹೇಳಿದರೆ ಅದಕ್ಕಾಗಿ ಶಿಕ್ಷೆಯೂ ಇಲ್ಲ. ಅಷ್ಟಕ್ಕೇ ಜನ ಇದನ್ನು ಹಗುರ ಅಂದುಕೊಳ್ಳುತ್ತಾರೆ. ಆದರೆ ಉತ್ತರವನ್ನು ತೀರ್ಪಿನಲ್ಲಿ ಪರಿಗಣಿಸಬಹುದು. ನಿಮಗೆ ವಿರುದ್ಧವಾಗಿ ಬಂದ ಒಂದೊಂದು ಸಂಗತಿಯನ್ನೂ ಜಡ್ಜ್ ನಿಮ್ಮ ಮುಂದೆ ಇಡಬೇಕು, ವಿವರಿಸಲು ಅವಕಾಶ ಕೊಡಬೇಕು. ಮುಂದೆ ಇಡದ ಸಂಗತಿಯನ್ನು ನಿಮ್ಮ ವಿರುದ್ಧ ಬಳಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟ್ 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಅಷ್ಟು ಬೆಲೆಯ ಅವಕಾಶವನ್ನು ‘ಸುಳ್ಳು, ಸುಳ್ಳು, ಗೊತ್ತಿಲ್ಲ’ ಅಂತ ಎರಡು ನಿಮಿಷದಲ್ಲಿ ಮುಗಿಸಿ ಬಸ್ಸಿಗೆ ಓಡುತ್ತಾರೆ!

ಹಾಗಂತ ಎಲ್ಲರೂ ಕಥೆ ಹೇಳಬೇಕು ಅಂತಲ್ಲ. ಮಹಜರೇ ನಡೆದಿಲ್ಲ ಅನ್ನುವುದು ನಿಜವಾದರೆ ‘ಸುಳ್ಳು’ ಅನ್ನುವುದೇ ಸರಿ. ಸುಮ್ಮನಿರುವುದೂ ನಿಮ್ಮ ಹಕ್ಕು, ಕೆಲವು ಕೇಸಿನಲ್ಲಿ ಅದೇ ಒಳ್ಳೆಯದು. ಯಾವುದು ಅಂತ ಕಡತ ಓದಿದ ವಕೀಲರು ಹೇಳಬೇಕು, ಭಾವ ಅಲ್ಲ.

ಮರುದಿನ ಇವನು ಚೀಲ ಸಿಕ್ಕಿದ್ದು ನಿಜ ಎಂದು ಒಪ್ಪಿ ಕಾರಣ ಹೇಳಿದ. ಲಿಖಿತ ಹೇಳಿಕೆಯನ್ನೂ ಕೊಟ್ಟೆವು, ಅದಕ್ಕೆ ಕಾನೂನಿನಲ್ಲಿ ಅವಕಾಶ ಇದೆ. ಕೊನೆಯಲ್ಲಿ ‘ನಿಮ್ಮ ಕಡೆ ಸಾಕ್ಷಿ ಇದೆಯಾ?’ ಎಂಬ ಪ್ರಶ್ನೆ ಬರುತ್ತದೆ. ಇದಕ್ಕೂ ಅಭ್ಯಾಸಬಲದಿಂದ ‘ಇಲ್ಲ’ ಅನ್ನುವವರೇ ಜಾಸ್ತಿ. ಬರೀ ಹೇಳಿಕೆ ಸಾಕ್ಷ್ಯ ಅಲ್ಲ, ಪ್ರಮಾಣ ಇಲ್ಲ, ಪಾಟೀಸವಾಲು ಇಲ್ಲ. ಹಾಗಾಗಿ ಕಳವು ನಡೆದ ವರ್ಷ ಇವನಿಗೆ ತೋಟ ಕೊಟ್ಟಿದ್ದ ಇನ್ನೊಬ್ಬ ಯಜಮಾನರನ್ನು ಕರೆಸಿ, ಚೇಣಿ ಕರಾರು ಹಾಜರು ಮಾಡಿಸಿದೆವು. ಆರೋಪಿ ತನ್ನ ಮಾತನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ, ನಂಬುವಂತಿದ್ದರೆ ಸಾಕು. ವಾದ ಮುಗಿದು ತೀರ್ಪು ಬಂತು, ಬಿಡುಗಡೆಯಾಯಿತು.

ಇದೇ ಕರಾರನ್ನು ಜೇಬಿನಲ್ಲಿಟ್ಟುಕೊಂಡು ತೀರ್ಪಿನ ದಿನ ‘ಸ್ವಾಮಿ, ಒಂದು ಮಾತು’ ಅನ್ನುವವರನ್ನೂ ನೋಡಿದ್ದೇನೆ. ತಪ್ಪಿತಸ್ಥ ಎಂದು ಓದಿದ ಮೇಲೆ ಜಡ್ಜ್ ಕೇಳುವುದು ಶಿಕ್ಷೆಯ ಪ್ರಮಾಣದ ಬಗ್ಗೆ ಮಾತ್ರ: ವಯಸ್ಸು, ಕಾಯಿಲೆ, ಮನೆ ಮಕ್ಕಳು. ಚೀಲದ ಮಾತು ಅಲ್ಲಿಗೆ ಬರುವುದಿಲ್ಲ. ಮೇಲ್ಮನವಿಯಲ್ಲಿ ಹೊಸ ಸಾಕ್ಷ್ಯ ಕೇಳಬಹುದು. ಆದರೆ ಅಲ್ಲಿ ಮೊದಲು ಬರುವ ಪ್ರಶ್ನೆ, ಕೆಳಗಿನ ಕೋರ್ಟಿನಲ್ಲಿ ಯಾಕೆ ಕೊಡಲಿಲ್ಲ ಎಂಬುದು.