ಘಟನಾ ವರದಿ: ದೂಷಣೆಯಿಲ್ಲದೆ ಅಪಘಾತವನ್ನು ದಾಖಲಿಸುವುದು ಎಂದರೇನು?

ಕಾರ್ಖಾನೆಯಲ್ಲಿ ಅಪಘಾತವಾದಾಗ ಏನಾಯಿತು, ಯಾವ ಕ್ರಮದಲ್ಲಿ ಆಯಿತು, ಯಾವ ಪರಿಸ್ಥಿತಿಗಳು ಅದಕ್ಕೆ ಎಡೆಮಾಡಿಕೊಟ್ಟವು, ಮತ್ತೆ ಹಾಗಾಗದಂತೆ ಏನನ್ನು ಬದಲಿಸಲಾಗುತ್ತಿದೆ ಎಂಬುದನ್ನು ದಾಖಲಿಸುವ ಬರಹವೇ ಘಟನಾ ವರದಿ. ತಪ್ಪು ಯಾರದು ಎಂದು ತೀರ್ಮಾನಿಸುವುದು ಅದರ ಕೆಲಸವಲ್ಲ. ಶಿಸ್ತುಕ್ರಮದ ವಿಚಾರಣೆ ಬೇಕಾದರೆ ಅದು ಬೇರೆಯೇ ಪ್ರಕ್ರಿಯೆ, ಅದರ ಕಡತವೂ ಬೇರೆ. ಕಾನೂನಿನಂತೆ ಸರ್ಕಾರಿ ಅಧಿಕಾರಿಗಳಿಗೆ ಸಲ್ಲಿಸಬೇಕಾದ ಸೂಚನಾಪತ್ರವೂ ಇದಲ್ಲ. ವಿಮಾನ ಅಪಘಾತಗಳ ತನಿಖೆಗೆ ಅಂತರರಾಷ್ಟ್ರೀಯ ನಿಯಮಗಳನ್ನು ರೂಪಿಸಿದವರು ಈ ಗೆರೆಯನ್ನು ಬಹಳ ಹಿಂದೆಯೇ ಸ್ಪಷ್ಟವಾಗಿ ಎಳೆದಿದ್ದಾರೆ: ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತವನ್ನು ತಡೆಯುವುದು, ಹೊಣೆ ಹೊರಿಸುವುದಲ್ಲ. ಕಾರ್ಖಾನೆಯ ಘಟನಾ ವರದಿಯೂ ಇದೇ ದಾರಿಯಲ್ಲಿ ನಡೆಯುತ್ತದೆ.

ಇಲ್ಲಿ 'ಘಟನೆ' ಎಂಬ ಪದದ ವ್ಯಾಪ್ತಿ 'ಅಪಘಾತ'ಕ್ಕಿಂತ ದೊಡ್ಡದು. ಕೆಲಸದ ಸುರಕ್ಷತೆಗೆ ಸಂಬಂಧಿಸಿದ ಐಎಸ್ಒ 45001 ಎಂಬ 2018ರ ಮಾನದಂಡದ ಪ್ರಕಾರ, ಗಾಯವಾದ ಪ್ರಸಂಗವಷ್ಟೇ ಅಲ್ಲ, ಗಾಯವಾಗುವ ಸಾಧ್ಯತೆಯಿದ್ದೂ ಆಗದೆ ಉಳಿದ ಪ್ರಸಂಗವೂ ಘಟನೆಯೇ. ಆದರೆ 'ದೂಷಣೆಯಿಲ್ಲದೆ' ಎಂಬ ಮಾತಿನ ಅರ್ಥ ವ್ಯಾಖ್ಯೆಯನ್ನು ಓದಿದರೆ ಹಿಡಿಯುವುದಿಲ್ಲ. ವಾಕ್ಯಗಳನ್ನು ಹೇಗೆ ಬರೆಯುತ್ತೇವೆ ಎಂಬುದರಲ್ಲಿ ಅದು ಗೊತ್ತಾಗುತ್ತದೆ. ಅದಕ್ಕಾಗಿ ಉದಾಹರಣೆಗೆಂದು ಕಟ್ಟಿಕೊಂಡ ಒಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ.

ಹರಳು ರೂಪದ ಕಚ್ಚಾವಸ್ತುವನ್ನು ಸಾಗಿಸುವ ಒಂದು ಬೆಲ್ಟ್ ಕನ್ವೇಯರ್ ಇದೆ. ಅದರ ಹಿಂತುದಿಯ ಡ್ರಮ್ಮಿಗೆ ಬೆಲ್ಟ್ ಸುತ್ತಿಕೊಳ್ಳುವ ಸಂದನ್ನು ಮುಚ್ಚಲು ತಗಡಿನ ಗಾರ್ಡ್ ಇರುತ್ತದೆ. ಅಂದು ಅದು ಇರಲಿಲ್ಲ. ಎರಡನೇ ಪಾಳಿಯ ಆಪರೇಟರ್ ಡ್ರಮ್ಮಿಗೆ ಅಂಟಿದ ಪುಡಿಯನ್ನು ಕೆರೆಯಲು ಹೋದಾಗ ಕೈಗವಸು ಸಂದಿನಲ್ಲಿ ಸಿಕ್ಕಿ ಎರಡು ಬೆರಳುಗಳ ಮೂಳೆ ಮುರಿಯಿತು. ಸಹೋದ್ಯೋಗಿಯೊಬ್ಬರು ಕನ್ವೇಯರಿನ ಆಚೆ ಬದಿಗೆ ಓಡಿ, ತುರ್ತು ನಿಲುಗಡೆಯ ಹಗ್ಗವನ್ನು ಎಳೆದರು.

ಸಂಜೆ ಬರೆದ ಮೊದಲ ಕರಡಿನಲ್ಲಿ ಈ ವಾಕ್ಯವಿತ್ತು: "ಗಾರ್ಡ್ ಇಲ್ಲದಿರುವುದನ್ನು ಗಮನಿಸದೆ, ಯಂತ್ರವನ್ನು ನಿಲ್ಲಿಸದೆ, ಆಪರೇಟರ್ ಅಜಾಗರೂಕತೆಯಿಂದ ಕೈ ಹಾಕಿದ್ದರಿಂದ ಅಪಘಾತ ಸಂಭವಿಸಿದೆ." ಇಂತಹ ವಾಕ್ಯ ಕನ್ನಡದಲ್ಲಿ ಸರಾಗವಾಗಿ ಬಂದುಬಿಡುತ್ತದೆ, ತೊಂದರೆ ಇರುವುದೂ ಆ ಸರಾಗದಲ್ಲೇ. 'ಗಮನಿಸದೆ' ಎಂಬುದು ಒಬ್ಬರ ಮನಸ್ಸಿನೊಳಗೆ ಏನಿತ್ತು ಎಂಬ ಹೇಳಿಕೆ, ಮತ್ತು ಅದಕ್ಕೆ ಬರೆದವರ ಬಳಿ ಯಾವ ಆಧಾರವೂ ಇರಲಿಲ್ಲ. 'ನಿಲ್ಲಿಸದೆ' ಎಂಬುದು ನಡೆಯದ ಕ್ರಿಯೆಯ ವರ್ಣನೆ. ನಡೆಯದೆ ಇದ್ದುದನ್ನು ಯಾರೂ ಕಣ್ಣಾರೆ ನೋಡಿರುವುದಿಲ್ಲ. ಕಂಡದ್ದು ಬೆಲ್ಟ್ ಓಡುತ್ತಿದ್ದುದು ಮಾತ್ರ. 'ಅಜಾಗರೂಕತೆ' ಎಂಬುದಂತೂ ತೀರ್ಪು. 'ನೋಡಬೇಕಿತ್ತು', 'ಕೇಳಬಹುದಿತ್ತು' ಎಂಬ ರೂಪಗಳೂ ಇದೇ ಜಾತಿಯವು. ಪರಿಣಾಮ ಗೊತ್ತಾದ ಮೇಲೆ ಹಿಂತಿರುಗಿ ನೋಡುವವರಿಗೆ ಮಾತ್ರ ಕಾಣುವ ದಾರಿಯನ್ನು, ಆ ಕ್ಷಣದಲ್ಲಿ ಅಲ್ಲಿದ್ದವರಿಗೂ ಕಂಡಿತ್ತೆಂಬಂತೆ ಅವು ಹೇಳುತ್ತವೆ.

ತಿದ್ದಿದ ವಾಕ್ಯಗಳು ಹೀಗಿದ್ದವು: "ಹಿಂತುದಿಯ ಡ್ರಮ್ಮಿನ ಗಾರ್ಡ್ ಅದರ ಜಾಗದಲ್ಲಿರಲಿಲ್ಲ, ಎರಡು ಮೀಟರ್ ದೂರದಲ್ಲಿ ಗೋಡೆಗೆ ಒರಗಿಸಿಟ್ಟಿತ್ತು. ಬೆಲ್ಟ್ ಓಡುತ್ತಿತ್ತು. ಎರಡನೇ ಪಾಳಿಯ ಆಪರೇಟರ್ ಬಲಗೈಯಲ್ಲಿ ಕೆರೆಯುವ ಪಟ್ಟಿ ಹಿಡಿದು ಡ್ರಮ್ಮಿನ ಮೇಲಿನ ಪುಡಿಯನ್ನು ತೆಗೆಯುತ್ತಿದ್ದರು. ಬಲಗೈಯ ಕೈಗವಸು ಬೆಲ್ಟ್ ಮತ್ತು ಡ್ರಮ್ಮಿನ ಸಂದಿಗೆ ಸಿಕ್ಕಿತು." ಪ್ರತಿಯೊಂದು ವಾಕ್ಯಕ್ಕೂ ಫೋಟೊ, ದಾಖಲೆ ಅಥವಾ ಯಾರಾದರೊಬ್ಬರ ಹೇಳಿಕೆಯ ಆಧಾರವಿದೆ, ಮತ್ತು ಒಂದೊಂದು ವಾಕ್ಯವೂ ಮುಂದಿನ ಪ್ರಶ್ನೆಗೆ ಬಾಗಿಲು ತೆರೆಯುತ್ತದೆ. ಗಾರ್ಡ್ ಗೋಡೆಯ ಬಳಿಗೆ ಹೇಗೆ ಹೋಯಿತು? ಬೆಲ್ಟ್ ಓಡುತ್ತಿರುವಾಗಲೇ ಕೆರೆಯುವುದು ಏಕೆ? 'ಅಜಾಗರೂಕತೆ' ಎಂದು ಬರೆದಿದ್ದರೆ ಈ ಎರಡೂ ಪ್ರಶ್ನೆಗಳು ಹುಟ್ಟುತ್ತಲೇ ಇರಲಿಲ್ಲ. ದೂಷಣೆ ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ಸೌಜನ್ಯವಲ್ಲ, ದೂಷಣೆ ಬಂದ ಕಡೆ ಹುಡುಕಾಟ ನಿಂತುಹೋಗುತ್ತದೆ ಎಂಬುದು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪೂ ಒಂದಿದೆ. ಯಾರನ್ನೂ ನೋಯಿಸಬಾರದೆಂದು "ಗಾರ್ಡನ್ನು ತೆಗೆಯಲಾಗಿತ್ತು" ಎಂದು ಕರ್ತೃವೇ ಇಲ್ಲದಂತೆ ಬರೆಯುತ್ತಾರೆ. ಆಗ ಒಂದು ಸಂಗತಿಯೇ ಕಳೆದುಹೋಗುತ್ತದೆ. "ಮೊದಲ ಪಾಳಿಯ ಫಿಟ್ಟರ್ 11:20ಕ್ಕೆ ಬೆಲ್ಟ್ ಸರಿಹೊಂದಿಸಲು ಗಾರ್ಡ್ ತೆಗೆದರು" ಎನ್ನುವುದರಲ್ಲಿ ಆರೋಪವಿಲ್ಲ. ಹೆಸರಿನ ಬದಲು ಹುದ್ದೆ ಬರೆದರೆ ಸಾಕು; ಕೆಲಸ ಮಾಡಿದವರನ್ನು ಅಳಿಸಬೇಕಾಗಿಲ್ಲ.

ಇನ್ನು ಕಾಲಾನುಕ್ರಮ. ಇದು ವರದಿಯ ಬೆನ್ನೆಲುಬು, ಮತ್ತು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ಪ್ರಸಂಗದಲ್ಲಿ ಕನ್ವೇಯರಿನ ನಿಯಂತ್ರಕದ ದಾಖಲೆ ಬೆಲ್ಟ್ 16:38ಕ್ಕೆ ನಿಂತಿತು ಎನ್ನುತ್ತದೆ, ಪ್ರಥಮ ಚಿಕಿತ್ಸೆಯ ಪುಸ್ತಕ ಗಾಯಾಳು 16:35ಕ್ಕೆ ಬಂದರು ಎನ್ನುತ್ತದೆ. ಬೆಲ್ಟ್ ನಿಲ್ಲುವ ಮೊದಲೇ ಗಾಯಾಳು ಚಿಕಿತ್ಸೆಗೆ ಬಂದಿರಲು ಸಾಧ್ಯವಿಲ್ಲ. ಇಂತಹ ಕಡೆ ಅವಸರಪಟ್ಟರೆ ಯಾರೋ ಸಮಯ ತಿದ್ದಿದ್ದಾರೆಂಬ ಅನುಮಾನ ಏಳುತ್ತದೆ. ಎರಡೂ ಗಡಿಯಾರಗಳನ್ನು ಮೊಬೈಲಿನ ಸಮಯದ ಪಕ್ಕದಲ್ಲಿಟ್ಟು ನೋಡಿದಾಗ ನಿಯಂತ್ರಕದ ಗಡಿಯಾರ ಆರು ನಿಮಿಷ ಮುಂದಿತ್ತು, ಚಿಕಿತ್ಸಾ ಕೊಠಡಿಯ ಗಡಿಯಾರ ಸರಿಯಾಗಿತ್ತು. ಅಂದರೆ ಬೆಲ್ಟ್ ನಿಂತದ್ದು 16:32ಕ್ಕೆ. ವರದಿಯಲ್ಲಿ ತಿದ್ದಿದ ಸಮಯದ ಜೊತೆಗೆ ಮೂಲ ದಾಖಲೆಯ ಸಮಯವನ್ನೂ, ವ್ಯತ್ಯಾಸವನ್ನು ಹೇಗೆ ಅಳೆಯಲಾಯಿತು ಎಂಬುದನ್ನೂ ಬರೆಯಬೇಕು. ಸಹೋದ್ಯೋಗಿ ಹೇಳಿದ "ಸುಮಾರು ಹತ್ತು ಸೆಕೆಂಡಿನಲ್ಲಿ ಹಗ್ಗ ಎಳೆದೆ" ಎಂಬ ಮಾತನ್ನು ಹೇಳಿಕೆಯೆಂದೇ ದಾಖಲಿಸಬೇಕು, ಅಳತೆಯೆಂದಲ್ಲ.

ಕಾಲಾನುಕ್ರಮ ಎಲ್ಲಿಂದ ಶುರುವಾಗುತ್ತದೆ ಎಂಬುದೂ ಮುಖ್ಯ. 16:32ರಿಂದ ಶುರುಮಾಡಿದರೆ ಅದರಲ್ಲಿ ಆಪರೇಟರ್ ಒಬ್ಬರೇ ಕಾಣುತ್ತಾರೆ. ಬೆಳಿಗ್ಗೆಗೆ ಹಿಂದೆ ಸರಿದಾಗ ನಿರ್ವಹಣೆಯ ಲಾಗ್‌ಬುಕ್ ಬೇರೆ ಸಂಗತಿಗಳನ್ನು ತೋರಿಸಿತು. ಬೆಲ್ಟನ್ನು ಸರಿಹೊಂದಿಸುವ ತಿರುಪು ಗಾರ್ಡಿನ ಒಳಗಡೆ ಇದೆ. ತಿರುಪು ತಿರುಗಿಸಿದ ಮೇಲೆ ಬೆಲ್ಟ್ ಓಡಿಸಿ ನೋಡಬೇಕು, ಮತ್ತೆ ತಿರುಗಿಸಬೇಕು. ಗಾರ್ಡಿಗೆ ಆರು ಬೋಲ್ಟ್‌ಗಳಿವೆ. ಈ ಕೆಲಸ ಇನ್ನೂ ನಡೆಯುತ್ತಿರುವಾಗಲೇ, 11:45ಕ್ಕೆ, ಫಿಟ್ಟರಿಗೆ ಇನ್ನೊಂದು ಯಂತ್ರ ಕೆಟ್ಟಿದೆ ಎಂಬ ಕರೆ ಬಂದಿದೆ. ಪಾಳಿ ಬದಲಾಗುವಾಗ ತುಂಬುವ ಪುಸ್ತಕದಲ್ಲಿ ಉತ್ಪಾದನೆಯ ಲೆಕ್ಕಕ್ಕೆ ಅಂಕಣಗಳಿವೆ, ತೆಗೆದಿಟ್ಟ ಗಾರ್ಡನ್ನು ನಮೂದಿಸಲು ಜಾಗವೇ ಇಲ್ಲ. ಗಾರ್ಡ್ ಇಲ್ಲದಿದ್ದರೆ ಯಂತ್ರ ಚಾಲೂ ಆಗದಂತೆ ತಡೆಯುವ ಇಂಟರ್‌ಲಾಕ್ ಕೂಡ ಇಲ್ಲ. ಎರಡು ತಿಂಗಳು ಹಿಂದಕ್ಕೆ ಹೋದರೆ, ಡ್ರಮ್ಮಿಗೆ ತಾನಾಗಿ ಕೆರೆಯುವ ಪಟ್ಟಿ ಅಳವಡಿಸಬೇಕೆಂಬ ಕೋರಿಕೆ ಸಲ್ಲಿಕೆಯಾಗಿದ್ದು, ಅದರ ಮುಂದೆ 'ಬಾಕಿ' ಎಂದಿದೆ. ಇಲ್ಲಿ ಬರೆಯುವವರ ಕೈ ಮ್ಯಾನೇಜರ್ ಕಡೆಗೆ ಬೆರಳು ತೋರಿಸಲು ತವಕಿಸುತ್ತದೆ. ಆದರೆ ಕೆಳಗಿನವರಿಗೆ ಅನ್ವಯಿಸಿದ ನಿಯಮ ಮೇಲಿನವರಿಗೂ ಅನ್ವಯಿಸಬೇಕು: ಕೋರಿಕೆಯ ದಿನಾಂಕ, ಅಂದಾಜು ವೆಚ್ಚ, ಅಂದಿನ ಸ್ಥಿತಿ, ಅಷ್ಟೇ.

ಬೆಲ್ಟ್ ಓಡುತ್ತಿರುವಾಗಲೇ ಕೆರೆಯುವುದೇಕೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮಿಕ್ಕ ಪಾಳಿಗಳ ಆಪರೇಟರ್‌ಗಳಿಂದ. ಅವರನ್ನು ಒಬ್ಬೊಬ್ಬರಾಗಿ, ಬೇರೆ ಬೇರೆಯಾಗಿ ಕೇಳಲಾಯಿತು. ಒಟ್ಟಿಗೆ ಕೂರಿಸಿದರೆ ಒಬ್ಬರ ನೆನಪು ಇನ್ನೊಬ್ಬರ ನೆನಪಿಗೆ ಅಂಟಿಕೊಳ್ಳುತ್ತದೆ. "ನೀವು ನಿಯಮ ಪಾಲಿಸುತ್ತೀರಾ?" ಎಂದು ಕೇಳದೆ, "ಪುಡಿ ಅಂಟಿದಾಗ ಸಾಮಾನ್ಯವಾಗಿ ಹೇಗೆ ತೆಗೆಯುತ್ತೀರಿ?" ಎಂದು ಕೇಳಲಾಯಿತು. ಬೆಲ್ಟ್ ನಿಲ್ಲಿಸಿದರೆ ಹಿಂದಿನ ಯಂತ್ರವೂ ನಿಲ್ಲುತ್ತದೆ, ಮತ್ತೆ ಚಾಲೂ ಮಾಡಲು ಹನ್ನೆರಡು ನಿಮಿಷ ಬೇಕು, ಪಾಳಿಗೆ ಮೂರ್ನಾಲ್ಕು ಬಾರಿಯಾದರೂ ಪುಡಿ ಅಂಟುತ್ತದೆ. ಹಾಗಾಗಿ ಎಲ್ಲ ಪಾಳಿಗಳಲ್ಲೂ ಓಡುತ್ತಿರುವಾಗಲೇ ಕೆರೆಯುತ್ತಾರೆ. ಕಾಗದದ ಮೇಲಿನ ವಿಧಾನ ಒಂದು, ನಡೆಯುವ ಕೆಲಸ ಇನ್ನೊಂದು. ಈ ಅಂತರ ವರದಿಯಲ್ಲಿ ಬಂದರೆ ಮಾತ್ರ ಅದು ಒಬ್ಬ ಆಪರೇಟರಿನ ಕಥೆಯಾಗಿ ಮುಗಿಯುವುದಿಲ್ಲ.

ಸರಿಪಡಿಸುವ ಕ್ರಮಗಳ ಭಾಗದಲ್ಲಿ, ಬಹಳಷ್ಟು ವರದಿಗಳು "ಸಿಬ್ಬಂದಿಗೆ ತಿಳಿವಳಿಕೆ ನೀಡಲಾಯಿತು" ಎಂಬ ಒಂದು ಸಾಲಿಗೆ ಮುಗಿಯುತ್ತವೆ. ಕಾರಣವನ್ನು 'ಅಜಾಗರೂಕತೆ' ಎಂದು ಬರೆದರೆ ಪರಿಹಾರವೂ ತಿಳಿವಳಿಕೆಯೇ ಆಗುತ್ತದೆ. ಸುರಕ್ಷತೆಯ ಕ್ಷೇತ್ರದಲ್ಲಿ ಕ್ರಮಗಳಿಗೆ ಮೇಲಿನಿಂದ ಕೆಳಕ್ಕೆ ಒಂದು ಶ್ರೇಣಿಯಿದೆ: ಅಪಾಯವನ್ನೇ ತೆಗೆದುಹಾಕುವುದು, ಕಡಿಮೆ ಅಪಾಯದ್ದನ್ನು ಬಳಸುವುದು, ಯಂತ್ರದಲ್ಲಿ ತಡೆ ಅಳವಡಿಸುವುದು, ನಿಯಮ ಮತ್ತು ತರಬೇತಿ, ಕೊನೆಗೆ ಕೈಗವಸಿನಂತಹ ರಕ್ಷಣಾ ಸಾಧನ. ತಿರುಗುವ ಡ್ರಮ್ಮಿನ ಬಳಿ ಕೈಗವಸು ಕೈಯನ್ನು ಒಳಕ್ಕೆ ಎಳೆಯುವ ಸಾಧನವೂ ಆಗಬಲ್ಲುದು ಎಂಬುದನ್ನು ಈ ಪ್ರಸಂಗವೇ ತೋರಿಸಿದೆ.

ಅಂದೇ ತೆಗೆದುಕೊಂಡ ತಕ್ಷಣದ ಕ್ರಮ, ಗಾರ್ಡನ್ನು ಮತ್ತೆ ಕೂರಿಸಿ, ಅದೇ ಬಗೆಯ ಉಳಿದ ಮೂರು ಕನ್ವೇಯರ್‌ಗಳನ್ನು ಪರೀಕ್ಷಿಸಿದ್ದು. ಅವುಗಳಲ್ಲಿ ಇನ್ನೊಂದಕ್ಕೂ ಗಾರ್ಡ್ ಇರಲಿಲ್ಲ. ದೀರ್ಘಕಾಲದ ಕ್ರಮಗಳೆಂದರೆ ಪುಡಿ ಚೆಲ್ಲದಂತೆ ಸುರಿಯುವ ಜಾಗದ ಎರಡೂ ಬದಿಗೆ ರಬ್ಬರ್ ಪಟ್ಟಿ ಹಾಕುವುದು, ಡ್ರಮ್ಮಿಗೆ ತಾನಾಗಿ ಕೆರೆಯುವ ಪಟ್ಟಿ ಅಳವಡಿಸುವುದು, ಸರಿಹೊಂದಿಸುವ ತಿರುಪನ್ನು ಗಾರ್ಡಿನ ಹೊರಗೆ ತರುವುದು, ತುರ್ತು ನಿಲುಗಡೆಯ ಹಗ್ಗವನ್ನು ಎರಡೂ ಬದಿಗೆ ಎಳೆಯುವುದು. ಪ್ರತಿಯೊಂದಕ್ಕೂ ಹೊಣೆ ಹೊತ್ತ ಹುದ್ದೆ, ಮುಗಿಸುವ ದಿನಾಂಕ ಮತ್ತು ಪರಿಶೀಲಿಸುವ ಬಗೆ ಬೇಕು. ಪರಿಶೀಲನೆ ಎಂದರೆ "ಆಮೇಲೆ ಅಪಘಾತವಾಗಿಲ್ಲ" ಎಂದು ಬರೆಯುವುದಲ್ಲ. ಇಂತಹ ಅಪಘಾತ ಅಪರೂಪವಾದ್ದರಿಂದ, ಮೂರು ತಿಂಗಳಲ್ಲಿ ಮತ್ತೆ ಆಗದಿದ್ದುದು ಹೆಚ್ಚೇನನ್ನೂ ಸಾಬೀತುಪಡಿಸುವುದಿಲ್ಲ. ಮೊದಲೇ ತಿಳಿಸದೆ ಹೋಗಿ, ಡ್ರಮ್ಮಿಗೆ ಪುಡಿ ಅಂಟುತ್ತಿದೆಯೇ, ಯಾರಾದರೂ ಈಗಲೂ ಕೈಯಿಂದ ಕೆರೆಯುತ್ತಿದ್ದಾರೆಯೇ ಎಂದು ನೋಡಬೇಕು.

ಬೇಕೆಂದೇ ಮಾಡಿದ ಹಾನಿ, ದಾಖಲೆ ತಿದ್ದುವುದು, ಮದ್ಯ ಸೇವಿಸಿ ಕೆಲಸಕ್ಕೆ ಬರುವುದು ಇಂಥವು ಕಂಡುಬಂದರೆ ಅವನ್ನು ಬೇರೆ ಪ್ರಕ್ರಿಯೆಗೆ ಒಪ್ಪಿಸಬೇಕು, ಘಟನಾ ವರದಿಯೊಳಗೆ ಎಳೆದು ತರಬಾರದು. ಎರಡನ್ನೂ ಬೆರೆಸಿದರೆ, ಮುಂದಿನ ಸಲ ಹೇಳಿಕೆ ಕೊಡುವವರು ಪ್ರತಿ ಮಾತನ್ನೂ ತೂಗಿ ಆಡುತ್ತಾರೆ.

ವರದಿಯನ್ನು ಮುಕ್ತಾಯಗೊಳಿಸುವ ಮೊದಲು ಗಾಯಗೊಂಡವರಿಗೆ ಓದಿ ಹೇಳುವ ಪದ್ಧತಿ ಇರಬೇಕು. ನಮ್ಮ ಪ್ರಸಂಗದಲ್ಲಿ ಆಪರೇಟರ್ ಆಸ್ಪತ್ರೆಯಿಂದ ಬಂದ ಒಂದು ವಾರಕ್ಕೆ ಅದನ್ನು ಕೇಳಿಸಿಕೊಂಡರು. ಗಾರ್ಡ್ ಇಲ್ಲದಿದ್ದುದು ತಮಗೆ ಗೊತ್ತಿತ್ತು ಎಂದರು. ಗಾರ್ಡ್ ಇದ್ದ ದಿನಗಳಲ್ಲೂ, ಚೆಲ್ಲಿದ ಪುಡಿ ಬೀಳಲೆಂದು ಅದರ ಕೆಳಗೆ ಬಿಟ್ಟಿದ್ದ ಅಂಗೈ ಅಗಲದ ಸಂದಿನಿಂದಲೇ ಪಟ್ಟಿ ತೂರಿಸಿ ಕೆರೆಯುತ್ತಿದ್ದುದಾಗಿಯೂ ಹೇಳಿದರು. ಅಂದರೆ ಅಪಘಾತದ ದಿನವೇ ಗಾರ್ಡನ್ನು ಮತ್ತೆ ಕೂರಿಸಿ 'ಮುಗಿದಿದೆ' ಎಂದು ಗುರುತು ಹಾಕಿದ್ದ ಕ್ರಮ ಕೈಯನ್ನು ಡ್ರಮ್ಮಿನಿಂದ ದೂರವಿಡುತ್ತಿರಲಿಲ್ಲ. ಆ ಗುರುತನ್ನು ತೆಗೆದು, ಗಾರ್ಡಿನ ತಳವನ್ನು ಮುಚ್ಚಿ ಪುಡಿಗೆ ಬೇರೆ ಇಳಿಜಾರು ಮಾಡುವ ಹೊಸ ಕ್ರಮವನ್ನು, ಹೊಸ ದಿನಾಂಕದೊಂದಿಗೆ, ಅದೇ ಸಾಲಿನ ಕೆಳಗೆ ಬರೆಯಲಾಯಿತು.