ಸ್ಟಿಕ್ ಡ್ರಿಫ್ಟ್: ರಿಪೇರಿನಾ, ಹೊಸದಾ?

ಕೈ ಕಂಟ್ರೋಲರ್‌ನ ಸ್ಟಿಕ್ ಮೇಲೆ ಇಲ್ಲ, ಆದ್ರೂ ಆಟದಲ್ಲಿ ಕ್ಯಾರೆಕ್ಟರ್ ನಿಧಾನಕ್ಕೆ ಮುಂದೆ ಹೋಗುತ್ತಿರುತ್ತದೆ. ಇಲ್ಲಾಂದ್ರೆ ಕ್ಯಾಮೆರಾ ಸುಮ್ನೆ ಆಕಾಶದ ಕಡೆ ತಿರುಗುತ್ತದೆ. ಇದೇ ಸ್ಟಿಕ್ ಡ್ರಿಫ್ಟ್. ಈ ವಿಷಯ ಬಂದ ತಕ್ಷಣ ಎಲ್ಲರೂ ಬೈಯುವುದು ನಿಂಟೆಂಡೊ ಸ್ವಿಚ್‌ನ ಕಂಟ್ರೋಲರ್ ಜಾಯ್-ಕಾನ್ ಅನ್ನು. ಆದರೆ ಬಿಚ್ಚಿ ನೋಡಿದವರಿಗೆ ಗೊತ್ತು, ಅತಿ ಹೆಚ್ಚು ಬೈಗುಳ ತಿಂದ ಆ ಜಾಯ್-ಕಾನ್‌ನಲ್ಲೇ ಸ್ಟಿಕ್ ಬದಲಿಸುವುದು ಅತಿ ಸುಲಭ. ನಿಜವಾಗಿ ಕೈ ನಡುಗಿಸುವುದು ಪಿಎಸ್5ರ ಕಂಟ್ರೋಲರ್ ಡ್ಯುಯಲ್‌ಸೆನ್ಸ್.

ಮೊದಲು ಒಳಗೆ ಏನಿದೆ ನೋಡೋಣ. ಇವತ್ತಿನ ಹೆಚ್ಚಿನ ಕಂಟ್ರೋಲರ್‌ಗಳ ಸ್ಟಿಕ್ ಕೆಳಗೆ ಒಂದು ಚಿಕ್ಕ ಡಬ್ಬಿ ಇರುತ್ತದೆ. ಅದರ ಎರಡು ಪಕ್ಕಕ್ಕೆ ಒಂದೊಂದು ಪೊಟೆನ್ಶಿಯೋಮೀಟರ್. ಒಂದು ಎಡ-ಬಲ ಅಳೆಯುತ್ತದೆ, ಇನ್ನೊಂದು ಮುಂದೆ-ಹಿಂದೆ. ಪಕ್ಕದ ಪ್ಲಾಸ್ಟಿಕ್ ಮುಚ್ಚಳ ತೆಗೆದರೆ ಕುದುರೆ ಲಾಳದ ಆಕಾರದ ಕಪ್ಪು ಕಾರ್ಬನ್ ಪಟ್ಟಿ ಕಾಣುತ್ತದೆ. ಅದರ ಮೇಲೆ ಉಜ್ಜಿಕೊಂಡು ಓಡಾಡುವುದು ಒಂದು ಬಿಳಿ ಬಿಲ್ಲೆ, ಆ ಬಿಲ್ಲೆಗೆ ಅಂಟಿದ ಸಣ್ಣ ಲೋಹದ ಬೆರಳುಗಳು. ಬೆರಳು ಪಟ್ಟಿಯ ನಡುವೆ ಇದ್ದರೆ ಅರ್ಧ ವೋಲ್ಟೇಜ್ ಬರುತ್ತದೆ, ಕಂಟ್ರೋಲರ್ ಅದನ್ನು "ಸ್ಟಿಕ್ ಮಧ್ಯದಲ್ಲಿದೆ" ಅಂತ ಓದಿಕೊಳ್ಳುತ್ತದೆ. ಹಳೇ ರೇಡಿಯೋದ ವಾಲ್ಯೂಮ್ ತಿರುಗಿಸಿದಾಗ ಗರಗರ ಅನ್ನುತ್ತಿತ್ತಲ್ವಾ, ಅದೂ ಇದೇ ಜಾತಿಯ ಬಿಡಿಭಾಗ, ಅದೇ ಕಾಯಿಲೆ. ಉಜ್ಜಿ ಉಜ್ಜಿ ಕಾರ್ಬನ್ ಸವೆಯುತ್ತದೆ, ಸವೆದ ಪುಡಿ ಅಲ್ಲೇ ಉಳಿಯುತ್ತದೆ, ವೋಲ್ಟೇಜ್ ತಪ್ಪು ಹೇಳಲು ಶುರುಮಾಡುತ್ತದೆ. ಸ್ಟಿಕ್ ಅನ್ನು ಮಧ್ಯಕ್ಕೆ ತಂದು ನಿಲ್ಲಿಸುವ ಸ್ಪ್ರಿಂಗ್ ಕೂಡ ವರ್ಷ ಕಳೆದಂತೆ ಸಡಿಲವಾಗುತ್ತದೆ, ಅದು ಬೇರೆ.

ಇದಕ್ಕೆ ಬೇರೆ ದಾರಿಯೇ ಇರಲಿಲ್ಲವಾ ಅಂದ್ರೆ, ಇತ್ತು. 1996ರ ನಿಂಟೆಂಡೊ 64 ಪೊಟೆನ್ಶಿಯೋಮೀಟರ್ ಬಳಸಲಿಲ್ಲ. ಅದರ ಸ್ಟಿಕ್ ಒಳಗೆ ಸೀಳುಗಳಿದ್ದ ಚಕ್ರಗಳಿದ್ದವು, ಅವು ತಿರುಗಿದಾಗ ಬೆಳಕು ಎಷ್ಟು ಸಲ ಕಡಿಯಿತು ಅಂತ ಎಣಿಸುತ್ತಿತ್ತು. ಆನ್ ಮಾಡಿದ ಕ್ಷಣದಲ್ಲಿ ಸ್ಟಿಕ್ ಎಲ್ಲಿದೆಯೋ ಅದೇ ಸೊನ್ನೆ. ಹಾಗಾಗಿ ಈಗಿನ ಥರದ ಡ್ರಿಫ್ಟ್ ಇರಲಿಲ್ಲ, ಬದಲಿಗೆ ಪ್ಲಾಸ್ಟಿಕ್ಕೇ ಪ್ಲಾಸ್ಟಿಕ್ಕನ್ನು ಅರೆದು ಸ್ಟಿಕ್ ಲಡಬಡ ಅಲ್ಲಾಡುತ್ತಿತ್ತು. ಮಾರಿಯೊ ಪಾರ್ಟಿ ಆಟದಲ್ಲಿ ಸ್ಟಿಕ್ ಅನ್ನು ಗರಗರ ತಿರುಗಿಸಬೇಕಾದ ಪಂದ್ಯಗಳಿದ್ದವು, ಮಕ್ಕಳು ಅಂಗೈಯಲ್ಲಿ ಒತ್ತಿ ತಿರುಗಿಸಿ ಬೊಬ್ಬೆ ಬರಿಸಿಕೊಂಡರು, ಕೊನೆಗೆ 2000ದಲ್ಲಿ ನ್ಯೂಯಾರ್ಕ್‌ನ ಅಟಾರ್ನಿ ಜನರಲ್ ಜೊತೆ ಒಪ್ಪಂದವಾಗಿ ಕಂಪನಿ ಮಕ್ಕಳಿಗೆ ಕೈಗವಸು ಕೊಡಬೇಕಾಯಿತು! ಸೇಗಾ ಇನ್ನೂ ಜಾಣತನ ತೋರಿಸಿತ್ತು. 1996ರ ಸ್ಯಾಟರ್ನ್ 3ಡಿ ಪ್ಯಾಡ್‌ನಲ್ಲಿ, ಆಮೇಲೆ 1998ರಲ್ಲಿ ಬಂದ ಡ್ರೀಮ್‌ಕಾಸ್ಟ್‌ನಲ್ಲಿ ಹಾಲ್ ಸೆನ್ಸರ್ ಹಾಕಿತ್ತು. ಸ್ಟಿಕ್‌ನಲ್ಲಿ ಆಯಸ್ಕಾಂತ, ಎದುರಿಗೆ ಸೆನ್ಸರ್, ಒಂದಕ್ಕೊಂದು ತಾಗುವುದೇ ಇಲ್ಲ. ತಾಗದಿದ್ದರೆ ಸವೆಯುವುದೆಲ್ಲಿಂದ? ಇಷ್ಟಾದರೂ ಮುಂದೆ ಗೆದ್ದಿದ್ದು ಅಗ್ಗವಾದ, ಚಿಕ್ಕದಾದ, ಲಕ್ಷಗಟ್ಟಲೆ ಸುಲಭವಾಗಿ ಸಿಗುವ ಪೊಟೆನ್ಶಿಯೋಮೀಟರ್ ಡಬ್ಬಿಯೇ. ಜಪಾನಿನ ಆಲ್ಪ್ಸ್ ಕಂಪನಿಯ ಈ ಡಬ್ಬಿ ಸೋನಿಯ ಕಂಟ್ರೋಲರ್‌ಗೂ ಬಂತು, ಎಕ್ಸ್‌ಬಾಕ್ಸ್‌ಗೂ ಬಂತು.

ಅದರ ಆಯಸ್ಸು ಎಷ್ಟು ಅಂತ 2021ರಲ್ಲಿ ರಿಪೇರಿ ಗೈಡ್‌ಗಳಿಗೆ ಹೆಸರಾದ ಐಫಿಕ್ಸಿಟ್‌ನವರು ಲೆಕ್ಕ ಹಾಕಿದರು. ಡ್ಯುಯಲ್‌ಸೆನ್ಸ್‌ನ ಪೊಟೆನ್ಶಿಯೋಮೀಟರ್‌ಗೆ ತಯಾರಕರು ಹೇಳಿರುವ ಆಯಸ್ಸು 20 ಲಕ್ಷ ಸುತ್ತು. ಕಾಲ್ ಆಫ್ ಡ್ಯೂಟಿ ವಾರ್‌ಝೋನ್ ಆಡುವಾಗ ಸ್ಟಿಕ್ ಎಷ್ಟು ಓಡಾಡುತ್ತದೆ ಅಂತ ಎಣಿಸಿ ಭಾಗಿಸಿದರೆ ಬಂದಿದ್ದು 417 ಗಂಟೆ. ದಿನಕ್ಕೆ 2 ಗಂಟೆ ಆಡಿದರೆ ಸುಮಾರು 7 ತಿಂಗಳು. ಏಳನೇ ತಿಂಗಳಿಗೆ ಕೆಟ್ಟೇ ಹೋಗುತ್ತದೆ ಅಂತ ಇದರ ಅರ್ಥ ಅಲ್ಲ, ತಯಾರಕರ ಭರವಸೆ ಅಲ್ಲಿಗೆ ಮುಗಿಯಿತು ಅಷ್ಟೇ. ಆದರೂ ಇದನ್ನು ಓದಿದ ಮೇಲೆ "ನೀನು ಒರಟಾಗಿ ಆಡ್ತೀಯ, ಅದಕ್ಕೇ ಹೋಯ್ತು" ಅನ್ನುವ ಬೈಗುಳಕ್ಕೆ ಅರ್ಥವಿಲ್ಲ ಅಂತ ನನಗನ್ನಿಸುತ್ತದೆ. ಇದು ಬೈಕಿನ ಬ್ರೇಕ್ ಪ್ಯಾಡ್ ಥರ ಸವೆಯುವ ಭಾಗ, ಆದರೆ ಬದಲಿಸಬೇಕಾಗದು ಅನ್ನುವಂತೆ ಬೋರ್ಡಿಗೆ ಸೋಲ್ಡರ್ ಮಾಡಿ, ಅಂದ್ರೆ ಲೋಹ ಕರಗಿಸಿ ಬೆಸೆದು, ಕೂರಿಸಿದ್ದಾರೆ.

ಜಾಯ್-ಕಾನ್ ಕಥೆ ಗದ್ದಲದ್ದು. ಸ್ವಿಚ್ 2017ರ ಮಾರ್ಚ್‌ನಲ್ಲಿ ಬಂತು. 2019ರ ಜುಲೈನಲ್ಲಿ ಅಮೆರಿಕದಲ್ಲಿ ಗ್ರಾಹಕರು ಕೇಸು ಹಾಕಿದರು. ಅದೇ ತಿಂಗಳು, ಅಲ್ಲಿನ ಸರ್ವಿಸ್ ಸಿಬ್ಬಂದಿಗೆ ಬಿಲ್ ಕೇಳದೆ ಪುಕ್ಕಟೆ ರಿಪೇರಿ ಮಾಡಿಕೊಡಿ ಅಂತ ಒಳಗಿಂದೊಳಗೆ ಸೂಚನೆ ಹೋಗಿದ್ದು ಸುದ್ದಿಯಾಯಿತು. 2020ರ ಜೂನ್‌ನಲ್ಲಿ ಕಂಪನಿಯ ಅಧ್ಯಕ್ಷ ಫುರುಕಾವಾ ಷೇರುದಾರರ ಮುಂದೆ ಕ್ಷಮೆ ಕೇಳಿದರು. 2023ರಲ್ಲಿ ಯುರೋಪಿನಲ್ಲಿ ವಾರಂಟಿ ಮುಗಿದಿದ್ದರೂ ಪುಕ್ಕಟೆ ರಿಪೇರಿ ಅಂತಾಯಿತು. ನಮಗೆ ಇದ್ಯಾವುದೂ ಉಪಯೋಗವಿಲ್ಲ. ನಿಂಟೆಂಡೊ ಭಾರತದಲ್ಲಿ ಸ್ವಿಚ್ ಅನ್ನು ಅಧಿಕೃತವಾಗಿ ಮಾರಿಲ್ಲ, ಇಲ್ಲಿರುವುದೆಲ್ಲ ಹೊರಗಿನಿಂದ ತಂದಿದ್ದು. ವಾರಂಟಿ ಕೇಳೋಕೆ ಯಾರೂ ಇಲ್ಲ.

ಈಗ ನಿಮ್ಮ ಕಂಟ್ರೋಲರ್‌ಗೆ ಬರೋಣ. ಬಿಚ್ಚುವ ಮುಂಚೆ ಅಳೆಯಿರಿ. ಕಂಪ್ಯೂಟರಿಗೆ ಕೇಬಲ್ ಹಾಕಿ, ಬ್ರೌಸರ್‌ನಲ್ಲಿ hardwaretester.com/gamepad ತೆರೆದು ಯಾವುದಾದರೂ ಬಟನ್ ಒತ್ತಿ. ಸಾಮಾನ್ಯವಾಗಿ ಎಡ ಸ್ಟಿಕ್‌ಗೆ AXIS 0 ಮತ್ತು AXIS 1, ಬಲ ಸ್ಟಿಕ್‌ಗೆ 2 ಮತ್ತು 3. ಕೈ ಬಿಟ್ಟಾಗ ಅಂಕಿ ಸೊನ್ನೆಯ ಹತ್ತಿರ ಇರಬೇಕು, ಪೂರ್ತಿ ತಳ್ಳಿದಾಗ 1 ಅಥವಾ -1. ಕೈ ಬಿಟ್ಟಾಗ 0.03, 0.04 ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಮಧ್ಯದ ಸುತ್ತ ಆಟಗಳು ಲೆಕ್ಕಕ್ಕೇ ತಗೊಳ್ಳದ ಜಾಗ ಸ್ವಲ್ಪ ಇರುತ್ತದೆ, ಅಷ್ಟನ್ನು ಆ ಡೆಡ್‌ಝೋನ್‌ ನುಂಗಿಕೊಳ್ಳುತ್ತದೆ.

ಒಂದು ಉದಾಹರಣೆ ತಗೊಳ್ಳೋಣ. ಕ್ಯಾರೆಕ್ಟರ್ ತಾನಾಗೇ ಮುಂದೆ ನಡೆಯುತ್ತಿದೆ, AXIS 1 ಕೈ ಬಿಟ್ಟರೂ -0.14 ತೋರಿಸುತ್ತಿದೆ. ಸ್ಟಿಕ್ ಅನ್ನು ಮುಂದೆ ತಳ್ಳಿ ಬಿಡಿ. ಹಿಂದೆ ಎಳೆದು ಬಿಡಿ. ಹೀಗೆ ಏಳೆಂಟು ಸಲ. ಪ್ರತಿ ಸಲವೂ -0.14ಕ್ಕೇ ಬಂದು ನಿಂತರೆ ಅದು ಒಳ್ಳೇ ಸುದ್ದಿ: ಮಧ್ಯದ ಲೆಕ್ಕ ಜರುಗಿದೆ ಅಷ್ಟೇ, ಕ್ಯಾಲಿಬ್ರೇಷನ್‌ನಲ್ಲಿ, ಅಂದ್ರೆ ಮಧ್ಯ ಎಲ್ಲಿದೆ ಅಂತ ಕಂಟ್ರೋಲರ್‌ಗೆ ಹೊಸದಾಗಿ ಹೇಳಿಕೊಟ್ಟರೆ, ಸರಿಹೋಗಬಹುದು. ಮುಂದೆ ತಳ್ಳಿ ಬಿಟ್ಟಾಗ -0.14, ಹಿಂದೆ ಎಳೆದು ಬಿಟ್ಟಾಗ 0.02 ಅಂತ ಬೇರೆ ಬೇರೆ ಜಾಗದಲ್ಲಿ ನಿಂತರೆ ಸ್ಪ್ರಿಂಗ್ ಅಥವಾ ಒಳಗಿನ ಪ್ಲಾಸ್ಟಿಕ್ ಸಡಿಲವಾಗಿದೆ. ಯಾರೂ ಮುಟ್ಟದಿದ್ದರೂ ಅಂಕಿ ಕುಣಿಯುತ್ತಿದ್ದರೆ, -0.05, -0.31, 0.00 ಅಂತ, ಕಾರ್ಬನ್ ಪಟ್ಟಿ ಸವೆದಿದೆ ಅಥವಾ ಪುಡಿ ಕೂತಿದೆ. ಎಡ ಸ್ಟಿಕ್‌ನಲ್ಲಿ ಮುಂದೆ-ಹಿಂದಿನ ದಿಕ್ಕೇ ಹೆಚ್ಚಾಗಿ ಮೊದಲು ಹೋಗುವುದಕ್ಕೆ ಕಾರಣ ಸರಳ, ನಾವೆಲ್ಲ ಆಟದಲ್ಲಿ ಮುಕ್ಕಾಲು ಹೊತ್ತು ಮುಂದಕ್ಕೇ ಓಡುತ್ತಿರುತ್ತೇವೆ.

ಪುಡಿ ಅಂತ ಅನುಮಾನ ಬಂದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಪ್ರಯೋಗ ಮಾಡಬಹುದು, 99% ಇರುವುದನ್ನೇ ತನ್ನಿ. ಬ್ಯಾಟರಿ ತೆಗೆದು, ಡಬ್ಬಿಯ ಪಕ್ಕಕ್ಕೆ ಒಂದೆರಡು ಹನಿ ಬಿಟ್ಟು, ಸ್ಟಿಕ್ ಚೆನ್ನಾಗಿ ಸುತ್ತಿಸಿ, ಪೂರ್ತಿ ಒಣಗಲು ಬಿಡಿ. ಪುಡಿ ಮಾತ್ರ ಆಗಿದ್ದರೆ ಸರಿಹೋಗುತ್ತದೆ. ಪಟ್ಟಿಯೇ ಸವೆದಿದ್ದರೆ ಕೆಲವು ವಾರ ಚೆನ್ನಾಗಿದ್ದು ಮತ್ತೆ ಶುರು, ಆಗ ಅದೇ ಔಷಧಿ ಮತ್ತೆ ಮತ್ತೆ ಹಾಕುವುದರಲ್ಲಿ ಅರ್ಥವಿಲ್ಲ.

ಜಾಯ್-ಕಾನ್ ಆದರೆ ಯೋಚನೆಯೇ ಬೇಡ, ರಿಪೇರಿ ಮಾಡಿ. ಅದರ ಸ್ಟಿಕ್ ಬೋರ್ಡಿಗೆ ಸೋಲ್ಡರ್ ಆಗಿಲ್ಲ. ಹೊರಗೆ Y ಆಕಾರದ ತಲೆಯ ಸ್ಕ್ರೂಗಳು, ಒಳಗೆ ಸ್ಟಿಕ್ ಅನ್ನು ಹಿಡಿದಿರುವುದು ಎರಡು ಸ್ಕ್ರೂ, ಒಂದು ರಿಬ್ಬನ್ ಕೇಬಲ್. ಹೊಸ ಸ್ಟಿಕ್ ಹಾಕುವಾಗ ಹಾಲ್ ಸೆನ್ಸರ್‌ನದ್ದೇ ಹಾಕಿಬಿಡಿ, ಗುಲಿಕಿಟ್‌ನಂಥವರು ಜಾಯ್-ಕಾನ್‌ಗೆ ಅಂತಲೇ ಮಾಡುತ್ತಾರೆ. ಹಾಕಿದ ಮೇಲೆ ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲೇ ಕ್ಯಾಲಿಬ್ರೇಟ್ ಮಾಡಬಹುದು. ರಿಬ್ಬನ್ ಕೇಬಲ್ ಹಿಡಿದಿಡುವ ಪುಟ್ಟ ಬೀಗ ಮುರಿಯದಂತೆ ನೋಡಿಕೊಳ್ಳಿ, ಹೆಚ್ಚಿನವರು ಎಡವುವುದು ಅಲ್ಲೇ.

ಡ್ಯುಯಲ್‌ಸೆನ್ಸ್ ಹಾಗಲ್ಲ. ಒಂದು ಸ್ಟಿಕ್ ಡಬ್ಬಿ ಬೋರ್ಡಿಗೆ 14 ಕಡೆ ಸೋಲ್ಡರ್ ಆಗಿರುತ್ತದೆ. ಬೋರ್ಡಿನ ಗ್ರೌಂಡ್ ಪದರಕ್ಕೆ ಸೇರಿದ ಕಾಲುಗಳು ಬಿಸಿಯನ್ನೆಲ್ಲ ಹೀರಿಕೊಳ್ಳುತ್ತವೆ, ಸಾದಾ ಸೋಲ್ಡರಿಂಗ್ ಐರನ್‌ನಿಂದ ಅಲ್ಲಿನ ಸೋಲ್ಡರ್ ಕರಗುವುದೇ ಇಲ್ಲ. ಕರಗಲಿಲ್ಲ ಅಂತ ಡಬ್ಬಿ ಹಿಡಿದು ಜಗ್ಗಿದರೆ ತೂತಿನ ಒಳಗಿನ ತಾಮ್ರವೇ ಕಿತ್ತು ಬರುತ್ತದೆ, ಅಲ್ಲಿಗೆ ಬೋರ್ಡಿನ ಕಥೆ ಹೆಚ್ಚುಕಡಿಮೆ ಮುಗಿದ ಹಾಗೆ. ಗೊತ್ತಿದ್ದವರು ಹಳೇ ಸೋಲ್ಡರ್ ಜೊತೆ ಬೇಗ ಕರಗುವ ಸೋಲ್ಡರ್ ಬೆರೆಸಿ, ಹೀರುವ ಗನ್‌ನಿಂದ ಒಂದೊಂದೇ ಕಾಲು ಬಿಡಿಸುತ್ತಾರೆ. ಕೆಲಸ ಅಲ್ಲಿಗೂ ಮುಗಿಯಲ್ಲ. ಹೊಸ ಡಬ್ಬಿಯ ಮಧ್ಯ ಹಳೆಯದರ ಮಧ್ಯಕ್ಕೆ ಹೊಂದುವುದಿಲ್ಲ, ಹಾಗಾಗಿ ಹೊಸದರಲ್ಲೂ ಡ್ರಿಫ್ಟ್ ಕಾಣುತ್ತದೆ. ಕ್ರೋಮ್‌ನಲ್ಲಿ dualshock-tools.github.io ತೆರೆದು ಮಧ್ಯ ಮತ್ತು ಅಂಚು ಎರಡನ್ನೂ ಕ್ಯಾಲಿಬ್ರೇಟ್ ಮಾಡಿ, ಸರಿಯಿದೆ ಅನ್ನಿಸಿದ ಮೇಲೆ ಶಾಶ್ವತವಾಗಿ ಸೇವ್ ಮಾಡಬೇಕು. ಬೆಂಗಳೂರಿನ ಎಸ್.ಪಿ. ರೋಡ್ ಕಡೆ ಅಥವಾ ನಿಮ್ಮೂರಿನ ಮೊಬೈಲ್ ರಿಪೇರಿಯವರ ಹತ್ತಿರ ಕೊಡುವ ಮುಂಚೆ ಕೇಳಬೇಕಾದ ಪ್ರಶ್ನೆ ಇದೇ: ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಿಕೊಡ್ತೀರಾ? "ಅದೇನು?" ಅಂದರೆ ಕಂಟ್ರೋಲರ್ ವಾಪಸ್ ಚೀಲಕ್ಕೆ ಹಾಕಿಕೊಳ್ಳಿ. ವಾರಂಟಿ ಇನ್ನೂ ಇದ್ದರಂತೂ ಬಿಚ್ಚಿಸಲೇಬೇಡಿ.

ಹಾಗಾದ್ರೆ ಇಷ್ಟು ಕಷ್ಟ ಯಾಕೆ, ಅಗ್ಗದ್ದೊಂದು ಹೊಸದು ತಗೊಂಡ್ರೆ ಆಗಲ್ವಾ? ಇಲ್ಲೇ ಹೊಂದಾಣಿಕೆಯ ಗಂಟು. ಪಿಎಸ್5 ಆಟಗಳಿಗೆ ಪಿಎಸ್4ರ ಕಂಟ್ರೋಲರ್ ನಡೆಯುವುದಿಲ್ಲ, ಪಿಎಸ್5ನಲ್ಲಿ ಪಿಎಸ್4 ಆಟ ಆಡುವಾಗ ಮಾತ್ರ ನಡೆಯುತ್ತದೆ. ಮೂಲೆಯಲ್ಲಿ ಚೆನ್ನಾಗಿರುವ ಹಳೇ ಕಂಟ್ರೋಲರ್ ಇದ್ದರೂ ಪ್ರಯೋಜನ ಕಡಿಮೆ. ಲೈಸೆನ್ಸ್ ಪಡೆದ ಬೇರೆ ಕಂಪನಿಯವು ಅಗ್ಗವಲ್ಲ. ಡ್ಯುಯಲ್‌ಸೆನ್ಸ್ ಭಾರತಕ್ಕೆ ಬಂದಾಗಲೇ ಬೆಲೆ 5,990 ರೂಪಾಯಿ. ಆದ್ದರಿಂದ ಪಿಎಸ್5 ಇರುವವರಿಗೆ, ಕೈ ಪಳಗಿದ ರಿಪೇರಿಯವರು ಸಿಕ್ಕರೆ, ಹೊಸದರ ಮೂರನೇ ಒಂದು ಭಾಗದವರೆಗೆ ಖರ್ಚು ಮಾಡಬಹುದು ಅನ್ನುವುದು ನನ್ನ ಲೆಕ್ಕ. ಬ್ಯಾಟರಿಯೂ ಬೇಗ ಇಳಿಯುತ್ತಿದೆ, ಟ್ರಿಗರ್ ಕೂಡ ಸಡಿಲ ಅಂತಾದರೆ ಹೊಸದೇ ವಾಸಿ.

ಎಕ್ಸ್‌ಬಾಕ್ಸ್‌ನಲ್ಲಿ ಅರ್ಧ ಸಮಾಧಾನ, ಎಕ್ಸ್‌ಬಾಕ್ಸ್ ಒನ್‌ನ ಕಂಟ್ರೋಲರ್ ಹೊಸ ಸೀರೀಸ್ ಎಕ್ಸ್ ಮತ್ತು ಎಸ್‌ಗಳಲ್ಲೂ ನಡೆಯುತ್ತದೆ. ಆದರೆ 2023ರ ನವೆಂಬರ್‌ನಿಂದ ಅನುಮತಿ ಇಲ್ಲದ ಕಂಟ್ರೋಲರ್ ಹಾಕಿದರೆ 0x82d60002 ಅನ್ನುವ ಎರರ್ ಬಂದು ಬ್ಲಾಕ್ ಆಗುತ್ತದೆ. ಅಗ್ಗ ಅಂತ ಕಂಡಿದ್ದನ್ನು ತರುವ ಮುಂಚೆ ಡಬ್ಬದ ಮೇಲೆ ಎಕ್ಸ್‌ಬಾಕ್ಸ್ ಲೈಸೆನ್ಸ್ ಗುರುತು ಇದೆಯಾ ನೋಡಿ.

ಪಿಸಿಯಲ್ಲಿ, ಫೋನಿನಲ್ಲಿ ಆಡುವವರಿಗೆ ಈ ಬೇಲಿ ಯಾವುದೂ ಇಲ್ಲ. ಹಾಲ್ ಸೆನ್ಸರ್ ಅಥವಾ ಅದೇ ಥರ ಆಯಸ್ಕಾಂತದಿಂದಲೇ ಅಳೆಯುವ, ಅದಕ್ಕಿಂತ ಹೊಸದಾದ ಟಿಎಂಆರ್ ಸ್ಟಿಕ್ ಇರುವ ಕಂಟ್ರೋಲರ್‌ಗಳು ಡ್ಯುಯಲ್‌ಸೆನ್ಸ್‌ಗಿಂತ ಕಡಿಮೆ ಬೆಲೆಗೇ ಸಿಗುತ್ತವೆ, ಸೋಲ್ಡರ್ ಸಹವಾಸಕ್ಕೆ ಹೋಗುವ ಅಗತ್ಯವೇ ಇಲ್ಲ. ಇವುಗಳಲ್ಲೂ ಸ್ಪ್ರಿಂಗ್ ಸಡಿಲವಾಗುತ್ತದೆ ಅನ್ನುವುದು ನೆನಪಿರಲಿ, ಸವೆಯದೆ ಇರುವುದು ಸೆನ್ಸರ್ ಮಾತ್ರ. ಡ್ರಿಫ್ಟ್ ಬಂದ ಹಳೇ ಡ್ಯುಯಲ್‌ಸೆನ್ಸ್ ಅನ್ನು ಬಿಸಾಡಬೇಡಿ. ಅದನ್ನೂ ಪಿಸಿಗೆ ಹಾಕಿ, ಸ್ಟೀಮ್‌ನ ಕಂಟ್ರೋಲರ್ ಸೆಟ್ಟಿಂಗ್ಸ್‌ನಲ್ಲಿ ಎಡ ಸ್ಟಿಕ್‌ನ ಡೆಡ್‌ಝೋನ್ ಜಾಸ್ತಿ ಮಾಡಿದರೆ -0.14ರ ಡ್ರಿಫ್ಟ್ ಕಾಣುವುದೇ ಇಲ್ಲ. ಗುರಿ ಇಟ್ಟು ಹೊಡೆಯುವ ಆಟಕ್ಕೆ ಅದು ಆಗಿಬರಲ್ಲ, ಸಣ್ಣ ಚಲನೆಗಳೆಲ್ಲ ಡೆಡ್‌ಝೋನ್‌ನಲ್ಲೇ ಹೋಗಿಬಿಡುತ್ತವೆ. ಫುಟ್‌ಬಾಲ್ ಆಟಕ್ಕೆ, ಮನೆಗೆ ಬಂದ ಎರಡನೇ ಆಟಗಾರನಿಗೆ ಧಾರಾಳವಾಗಿ ಸಾಕು.